ಅಸೆಸ್‌ಮೆಂಟ್ ಆರ್ಡರ್ ಬಂದು 30 ದಿನ ದಾಟಿದೆಯೇ? ಅಪೀಲಿನಲ್ಲಿ ಏನು ಬರೆಯಬೇಕು, ತಡಕ್ಕೆ ಕಾರಣ ಹೇಗೆ ಕೊಡಬೇಕು

ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಕಾರರಿಗೆ ಆದಾಯ ತೆರಿಗೆ ಇಲಾಖೆಯ ಆರ್ಡರ್ ಬಂದಿರುವುದು ಎಷ್ಟೋ ಸಲ ಗೊತ್ತಾಗುವುದು ಬ್ಯಾಂಕಿನಿಂದ. ಖಾತೆಯಲ್ಲಿ ದುಡ್ಡಿದ್ದರೂ ಚೆಕ್ ಪಾಸಾಗುವುದಿಲ್ಲ. ಮ್ಯಾನೇಜರ್ ಹತ್ತಿರ ಕೇಳಿದರೆ 'ಇನ್‌ಕಂ ಟ್ಯಾಕ್ಸ್‌ನವರು ಖಾತೆ ಹಿಡಿದಿದ್ದಾರೆ' ಅನ್ನುತ್ತಾರೆ. ಆ ಹೊತ್ತಿಗೆ ಅಪೀಲು ಹಾಕಲು ಇರುವ 30 ದಿನ ಮುಗಿದು ಎರಡು ಮೂರು ತಿಂಗಳಾಗಿರುತ್ತದೆ. ಇನ್ನೇನೂ ಮಾಡುವ ಹಾಗಿಲ್ಲ ಅಂದುಕೊಂಡು ಕೈಚೆಲ್ಲುವವರೇ ಹೆಚ್ಚು.

ಆದರೆ ಬಾಗಿಲು ಮುಚ್ಚಿರುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 249(2) ಅಪೀಲಿಗೆ 30 ದಿನ ಕೊಡುತ್ತದೆ. ಅದರ ಮುಂದಿನ 249(3) ತಡವಾಗಿದ್ದಕ್ಕೆ ಸಾಕಷ್ಟು ಕಾರಣ ಇದೆ ಎಂದು ಮನವರಿಕೆಯಾದರೆ ಅಪೀಲನ್ನು ಸ್ವೀಕರಿಸುವ ಅಧಿಕಾರವನ್ನು ಅಪೀಲು ಅಧಿಕಾರಿಗೆ ಕೊಡುತ್ತದೆ. ಎಷ್ಟು ದಿನದ ತಡದವರೆಗೆ ಅಂತ ಅಲ್ಲಿ ಮಿತಿ ಹಾಕಿಲ್ಲ. ಹಾಗಂತ ಕೇಳಿದ ತಕ್ಷಣ ಮನ್ನಾ ಆಗುತ್ತದೆ ಅಂತಲೂ ಅಲ್ಲ. ಕಾರಣ ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ.

(ಇಲ್ಲಿ ಹೇಳುವ ಸೆಕ್ಷನ್ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು. 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ. ಆರ್ಡರ್ ಯಾವ ಕಾಯ್ದೆಯಡಿ ಆಗಿದೆ ಎಂಬುದು ಅದರ ಮೊದಲ ಪುಟದಲ್ಲೇ ಇರುತ್ತದೆ.)

ಒಂದು ಕಿರಾಣಿ ಅಂಗಡಿಯ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಮಾದರಿ ಪ್ರಕರಣ ತೆಗೆದುಕೊಳ್ಳೋಣ. ಅಂಗಡಿಕಾರರದು ಊರಿನ ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ. 2018-19ರ ಆರ್ಥಿಕ ವರ್ಷದಲ್ಲಿ, ಅಂದರೆ 2019-20ರ ಅಸೆಸ್‌ಮೆಂಟ್ ವರ್ಷಕ್ಕೆ, ಅವರ ಉಳಿತಾಯ ಖಾತೆಗೆ ಒಟ್ಟು 21,40,000 ರೂಪಾಯಿ ನಗದು ಜಮಾ ಆಗಿದೆ. ದಿನದ ಗಲ್ಲಾಪೆಟ್ಟಿಗೆ ದುಡ್ಡನ್ನು ಎರಡು ಮೂರು ದಿನಕ್ಕೊಮ್ಮೆ ಕಟ್ಟಿದ್ದು. ಅದೇ ಖಾತೆಯಿಂದ ಸಗಟು ವ್ಯಾಪಾರಿಗಳಿಗೆ 17,50,000 ರೂಪಾಯಿ ಚೆಕ್ ಮತ್ತು ಎನ್‌ಇಎಫ್‌ಟಿ ಮೂಲಕ ಹೋಗಿದೆ. ಆ ವರ್ಷ ಅವರು ರಿಟರ್ನ್ ಹಾಕಿಲ್ಲ.

ಇಲಾಖೆ ಪ್ರಕರಣ ತೆರೆದು ನೋಟಿಸ್ ಕಳಿಸಿತು. ಉತ್ತರ ಬರಲಿಲ್ಲ. 2024ರ ಫೆಬ್ರವರಿ 14ರಂದು ಸೆಕ್ಷನ್ 147 ಮತ್ತು 144ರಡಿ ಆರ್ಡರ್ ಆಯಿತು. 144 ಅಂದರೆ ಎದುರು ಪಾರ್ಟಿ ಬಾರದಿದ್ದಾಗ ಅಧಿಕಾರಿ ಕೈಯಲ್ಲಿರುವ ಮಾಹಿತಿ ಮೇಲೆ ಮಾಡುವ ತೀರ್ಮಾನ. ಇಡೀ 21,40,000 ರೂಪಾಯಿಯನ್ನು ಸೆಕ್ಷನ್ 69ಎ ಅಡಿ 'ಮೂಲ ವಿವರಿಸದ ಹಣ' ಎಂದು ಹಿಡಿದು, 115ಬಿಬಿಇ ದರ ಹಾಕಿದರು. ಆ ದರ ಶೇ 60. ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಶೇ 78. ತೆರಿಗೆಯೇ 16,69,200 ರೂಪಾಯಿ. ಬಡ್ಡಿ ಬೇರೆ.

ಈಗ ಅಂಗಡಿಯ ಕಡೆಯಿಂದ ಇದೇ ಲೆಕ್ಕ ನೋಡಿ. ಜಮಾ ಆದ ಮೊತ್ತದಲ್ಲಿ 1,60,000 ರೂಪಾಯಿ ವ್ಯಾಪಾರದ್ದೇ ಅಲ್ಲ. ಸೈಟಿನ ಮುಂಗಡಕ್ಕೆಂದು ಅದೇ ಖಾತೆಯಿಂದ ತೆಗೆದು, ಮಾತುಕತೆ ಮುರಿದ ಮೇಲೆ 20 ದಿನದಲ್ಲಿ ವಾಪಸ್ ಕಟ್ಟಿದ್ದು. ಉಳಿದ 19,80,000 ಅಂಗಡಿಯ ಮಾರಾಟ. ಸಣ್ಣ ವ್ಯಾಪಾರಿಗಳ ಅಂದಾಜು ಲಾಭಕ್ಕೆ ಇರುವ ಸೆಕ್ಷನ್ 44ಎಡಿ ಪ್ರಕಾರ ನಗದು ಮಾರಾಟಕ್ಕೆ ಶೇ 8 ಹಿಡಿದರೆ ಆದಾಯ 1,58,400 ರೂಪಾಯಿ. ಆ ವರ್ಷದ ವಿನಾಯಿತಿ ಮಿತಿ 2,50,000. ತೆರಿಗೆ ಸೊನ್ನೆ. ಅಧಿಕಾರಿ ಶೇ 8 ಒಪ್ಪದೆ 12 ಹಿಡಿದರೂ ಆದಾಯ 2,37,600, ಆಗಲೂ ಮಿತಿಯೊಳಗೇ.

ಒಂದೇ ಪಾಸ್‌ಬುಕ್. ಒಂದು ಓದಿನಲ್ಲಿ ಹದಿನಾರು ಮುಕ್ಕಾಲು ಲಕ್ಷ, ಇನ್ನೊಂದು ಓದಿನಲ್ಲಿ ಏನೂ ಇಲ್ಲ. ಎರಡನೇ ಓದನ್ನು ಅಪೀಲು ಅಧಿಕಾರಿಯ ಮುಂದೆ ಇಡುವುದಕ್ಕೇ ಅಪೀಲಿನ ಕಾರಣಗಳು ಇರುವುದು.

30 ದಿನ ಯಾವತ್ತಿನಿಂದ?

ಎಣಿಕೆ ಶುರುವಾಗುವುದು ಆರ್ಡರ್ ಜೊತೆ ಬರುವ ಡಿಮ್ಯಾಂಡ್ ನೋಟಿಸ್ ತಲುಪಿದ ದಿನದಿಂದ. ಇದು ಸೆಕ್ಷನ್ 156ರ ನೋಟಿಸ್, ಕಟ್ಟಬೇಕಾದ ಮೊತ್ತ ಅದರಲ್ಲೇ ಇರುತ್ತದೆ. ತಲುಪಿದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ನಮ್ಮ ಪ್ರಕರಣದಲ್ಲಿ ಆರ್ಡರ್ ಮತ್ತು ನೋಟಿಸ್ ಫೆಬ್ರವರಿ 14ರಂದೇ ಇಮೇಲಿಗೆ ಹೋಗಿವೆ, ಪೋರ್ಟಲ್‌ನಲ್ಲೂ ಬಿದ್ದಿವೆ. 15ರಿಂದ ಎಣಿಸಿದರೆ ಆ ವರ್ಷ ಫೆಬ್ರವರಿಗೆ 29 ದಿನ ಇದ್ದದ್ದರಿಂದ 30ನೇ ದಿನ ಮಾರ್ಚ್ 15.

ಅಂಗಡಿಕಾರರಿಗೆ ವಿಷಯ ತಿಳಿದದ್ದು ಜೂನ್ 10ರಂದು, ಬ್ಯಾಂಕಿನಲ್ಲಿ. ಅಪೀಲು ಹಾಕಿದ್ದು ಜೂನ್ 24ರಂದು. ಮಾರ್ಚ್ 16ರಿಂದ ಜೂನ್ 24ರವರೆಗೆ ಎಣಿಸಿದರೆ ತಡ 101 ದಿನ.

ಇಲ್ಲೇ ಬಹಳ ಮಂದಿ ಎಡವುವುದು. 'ನನಗೆ ಗೊತ್ತಾಗಿದ್ದೇ ಜೂನ್ 10ಕ್ಕೆ, ಅಲ್ಲಿಂದ 30 ದಿನದೊಳಗೆ ಹಾಕಿದ್ದೇನೆ' ಎಂದು ಫಾರಂನಲ್ಲಿ ನೋಟಿಸ್ ತಲುಪಿದ ದಿನ ಜೂನ್ 10 ಅಂತ ಬರೆದು, 'ತಡವಾಗಿದೆಯೇ' ಎಂಬ ಪ್ರಶ್ನೆಗೆ 'No' ಒತ್ತಿಬಿಡುತ್ತಾರೆ. ಅಪೀಲು ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿದರೆ ಇಮೇಲ್ ಹೋದ ದಿನ ಫೆಬ್ರವರಿ 14 ಎಂದೇ ಕಾಣುತ್ತದೆ. ತಡ ಮನ್ನಾ ಮಾಡಿ ಎಂದು ಕೇಳಿಯೇ ಇಲ್ಲ. ಅವಧಿ ಮೀರಿದ ಅಪೀಲು ಎಂದು ವಜಾ. ಒಳಗಿನ ಲೆಕ್ಕ ಯಾರೂ ಓದುವುದಿಲ್ಲ.

ಹಳೆ ಇಮೇಲಿಗೆ ಹೋದ ನೋಟಿಸ್ ಕಾನೂನಿನ ಕಣ್ಣಲ್ಲಿ ತಲುಪಿದ ಹಾಗೆಯೇ ಎಂದು ಇಲಾಖೆ ವಾದಿಸಬಹುದು. ಇಲಾಖೆಯ ದಾಖಲೆಯಲ್ಲಿರುವ ಇಮೇಲಿಗೆ ಕಳಿಸಲು ನಿಯಮದಲ್ಲಿ ಅವಕಾಶ ಇದೆ. ಆದ್ದರಿಂದ ಸುರಕ್ಷಿತ ದಾರಿ ಅಂದರೆ ಫೆಬ್ರವರಿ 14 ಎಂದೇ ಬರೆಯುವುದು, ತಡ 101 ದಿನ ಎಂದು ಒಪ್ಪಿಕೊಳ್ಳುವುದು, ಕಾರಣ ಕೊಡುವುದು. 'ನೋಟಿಸ್ ಕೈಗೆ ಬಂದಿಲ್ಲ' ಎಂಬ ತಕರಾರನ್ನು ಅಪೀಲಿನ ಕಾರಣಗಳಲ್ಲಿ ಬೇರೆಯಾಗಿ ಎತ್ತಬಹುದು. ದಿನಾಂಕದ ಕಾಲಂನಲ್ಲಿ ಅದರ ಜಗಳ ಬೇಡ.

ಆರ್ಡರಿನಲ್ಲಿ ಬರೀ ಕೂಡು-ಕಳೆ ತಪ್ಪು ಇದ್ದರೆ ಸೆಕ್ಷನ್ 154ರಡಿ ತಿದ್ದುಪಡಿ ಕೇಳಬಹುದು. ಆದರೆ ಆ ಅರ್ಜಿ ಹಾಕಿ ಕೂತರೆ ಅಪೀಲಿನ 30 ದಿನ ಕಾಯುವುದಿಲ್ಲ, ಅದು ಓಡುತ್ತಲೇ ಇರುತ್ತದೆ.

ಫಾರಂ 35

ಅಪೀಲು ಹಾಕುವುದು ಫಾರಂ 35ರಲ್ಲಿ, ಆನ್‌ಲೈನ್‌ನಲ್ಲೇ. `incometax.gov.in` ನಲ್ಲಿ ಪ್ಯಾನ್ ಹಾಕಿ ಲಾಗಿನ್ ಆದ ಮೇಲೆ `e-File`, ಅದರೊಳಗೆ `Income Tax Forms`, ನಂತರ `File Income Tax Forms`. ಅಸೆಸ್‌ಮೆಂಟ್ ಆದ ಆದಾಯ 2 ಲಕ್ಷಕ್ಕಿಂತ ಹೆಚ್ಚಿದ್ದರೆ ಶುಲ್ಕ 1,000 ರೂಪಾಯಿ. 1 ಲಕ್ಷದಿಂದ 2 ಲಕ್ಷದವರೆಗೆ 500. ಅದಕ್ಕಿಂತ ಕಡಿಮೆಗೆ 250. ನಮ್ಮ ಅಂಗಡಿಕಾರರಿಗೆ ಇಲಾಖೆ ಹಿಡಿದ ಆದಾಯವೇ ಲೆಕ್ಕ, ಹಾಗಾಗಿ 1,000.

ಫಾರಂನಲ್ಲಿ ಬರೆಯುವ ಭಾಗ ಮೂರು. ಪ್ರಕರಣದ ಸಂಗತಿ 1,000 ಪದಗಳೊಳಗೆ. ಅಪೀಲಿನ ಕಾರಣಗಳು, ಒಂದೊಂದೂ 100 ಪದಗಳೊಳಗೆ. ತಡಕ್ಕೆ ಕಾರಣ 500 ಪದಗಳೊಳಗೆ. ಇಂಗ್ಲಿಷಿನಲ್ಲಿ ತುಂಬುವುದೇ ರೂಢಿ. ಆದರೂ ಅಂಗಡಿಕಾರರು ಮೊದಲು ಕನ್ನಡದಲ್ಲಿ ತಾವೇ ಬರೆದು ಆಡಿಟರ್ ಕೈಗೆ ಕೊಡುವುದು ಒಳ್ಳೆಯದು. ಅಂಗಡಿಯ ಸಂಗತಿ ಗೊತ್ತಿರುವುದು ಅವರಿಗೇ. ಆಡಿಟರ್ ಕಚೇರಿಯಲ್ಲಿ ಹಳೆ ಫೈಲಿನಿಂದ ನಕಲು ಮಾಡಿದ 'ಆರ್ಡರ್ ಕಾನೂನುಬಾಹಿರ, ನ್ಯಾಯಕ್ಕೆ ವಿರುದ್ಧ' ಎಂಬ ಸಾಲುಗಳಿಂದ ಯಾವ ಅಂಗಡಿಯ ಲೆಕ್ಕವೂ ಸರಿಹೋಗಿದ್ದಿಲ್ಲ.

ಸಂಗತಿ ಬೇರೆ, ಕಾರಣ ಬೇರೆ. ಸಂಗತಿಯಲ್ಲಿ ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಹೇಳಬೇಕು: ಎಷ್ಟು ವರ್ಷದಿಂದ ಅಂಗಡಿ, ಲೈಸೆನ್ಸ್ ಯಾವುದು, ಯಾವ ಖಾತೆ, ಎಷ್ಟು ಜಮಾ, ಯಾರಿಗೆ ಪಾವತಿ, ಆರ್ಡರ್ ಯಾವಾಗ. ಕಾರಣದಲ್ಲಿ ಆರ್ಡರಿನ ಯಾವ ತೀರ್ಮಾನ ತಪ್ಪು, ಯಾಕೆ ತಪ್ಪು ಎಂದಷ್ಟೇ. ಒಂದು ಕಾರಣಕ್ಕೆ ಒಂದೇ ತಪ್ಪು. ನಮ್ಮ ಪ್ರಕರಣದ ಕಾರಣಗಳು ಕನ್ನಡದಲ್ಲಿ ಹೀಗಿರಬಹುದು:

1. ಖಾತೆಗೆ ಜಮಾ ಆದ ನಗದಿನಲ್ಲಿ 19,80,000 ರೂಪಾಯಿ ಅರ್ಜಿದಾರರ ಕಿರಾಣಿ ವ್ಯಾಪಾರದ ಮಾರಾಟದ ಹಣ. ಅದೇ ಖಾತೆಯಿಂದ ಸಗಟು ವ್ಯಾಪಾರಿಗಳಿಗೆ ಹೋದ 17,50,000 ರೂಪಾಯಿಯ ಪಾವತಿ ವ್ಯಾಪಾರ ನಡೆದದ್ದಕ್ಕೆ ಸಾಕ್ಷಿ. ಜಮಾ ಮಾತ್ರ ನೋಡಿ, ಪಾವತಿ ನೋಡದೆ 69ಎ ಹಚ್ಚಿದ್ದು ತಪ್ಪು.

2. 1,60,000 ರೂಪಾಯಿ ಇದೇ ಖಾತೆಯಿಂದ ತೆಗೆದು ಮರಳಿ ಕಟ್ಟಿದ ಹಣ. ಅದನ್ನು ಆದಾಯಕ್ಕೆ ಸೇರಿಸಿದ್ದು ತಪ್ಪು.

3. ಮೇಲಿನ ವಾದಕ್ಕೆ ಬಾಧೆ ಬಾರದಂತೆ, ಇಡೀ ಮಾರಾಟವನ್ನೇ ಆದಾಯ ಎನ್ನಲಾಗದು. ಅದರಲ್ಲಿನ ಲಾಭದ ಅಂಶಕ್ಕೆ ಮಾತ್ರ, 44ಎಡಿಯ ಶೇ 8ರ ಅಳತೆಯಲ್ಲಿ, ತೆರಿಗೆ ಹಾಕಬೇಕಿತ್ತು.

4. ವ್ಯಾಪಾರದ ಆದಾಯಕ್ಕೆ 115ಬಿಬಿಇ ದರ ಅನ್ವಯಿಸುವುದಿಲ್ಲ.

5. ನೋಟಿಸ್‌ಗಳು ಅರ್ಜಿದಾರರ ಬಳಕೆಯಲ್ಲಿಲ್ಲದ ಇಮೇಲಿಗೆ ಹೋದ ಕಾರಣ ಉತ್ತರ ಕೊಡುವ ಅವಕಾಶ ನಿಜವಾಗಿ ಸಿಗಲಿಲ್ಲ.

ಮೂರನೆಯದು ಮುಖ್ಯ. 'ಬಾಧೆ ಬಾರದಂತೆ' ಅಂದರೆ ಮೊದಲ ವಾದ ಬಿಟ್ಟುಕೊಟ್ಟೆ ಅಂತಲ್ಲ. ಅದು ಪೂರ್ತಿ ಒಪ್ಪಿಗೆಯಾಗದಿದ್ದರೂ ಇದನ್ನಾದರೂ ನೋಡಿ ಎಂದು. ಹೆಚ್ಚಿನ ಅಂಗಡಿಗಳ ಪ್ರಕರಣದಲ್ಲಿ ಪರಿಹಾರ ಸಿಗುವ ಜಾಗ ಇದೇ. ಕೊನೆಯಲ್ಲಿ 'ವಿಚಾರಣೆ ವೇಳೆ ಕಾರಣ ಸೇರಿಸಲು, ಬದಲಿಸಲು ಅನುಮತಿ ಕೊಡಿ' ಎಂಬ ಒಂದು ಸಾಲು ಇರಲಿ.

ವ್ಯಾಪಾರದ ಮೊತ್ತ ಬರೆಯುವಾಗ ಎಚ್ಚರ ಬೇಕು. ಇಲ್ಲಿ ತೆರಿಗೆ ತಪ್ಪಿಸಿಕೊಳ್ಳಲು 'ಎಲ್ಲಾ ಮಾರಾಟವೇ' ಎಂದು 30 ಲಕ್ಷ ತೋರಿಸಿದರೆ, ಆ ವರ್ಷ ಜಿಎಸ್‌ಟಿ ನೋಂದಣಿ ಮಿತಿ 20 ಲಕ್ಷ ಇತ್ತು ಎಂಬುದು ನೆನಪಿರಲಿ. ಒಂದು ಇಲಾಖೆಗೆ ಕೊಟ್ಟ ಹೇಳಿಕೆ ಇನ್ನೊಂದು ಇಲಾಖೆಗೂ ಕಾಣುತ್ತದೆ. ಬಿಲ್ಲು, ಪಾಸ್‌ಬುಕ್ಕಿನಲ್ಲಿ ನಿಲ್ಲುವ ಅಂಕಿಯನ್ನೇ ಬರೆಯಬೇಕು.

ರಿಟರ್ನ್ ಹಾಕದವರಿಗೆ ಒಂದು ಗುಂಡಿ

ರಿಟರ್ನ್ ಹಾಕಿದ್ದವರು ಅದರಲ್ಲಿ ಒಪ್ಪಿಕೊಂಡ ತೆರಿಗೆ ಕಟ್ಟಿರಬೇಕು. ಇಲ್ಲದಿದ್ದರೆ ಅಪೀಲು ಸ್ವೀಕಾರವಾಗುವುದಿಲ್ಲ. ರಿಟರ್ನ್ ಹಾಕದವರು ಆ ವರ್ಷಕ್ಕೆ ಕಟ್ಟಬೇಕಿದ್ದ ಮುಂಗಡ ತೆರಿಗೆಯಷ್ಟು ಮೊತ್ತ ಕಟ್ಟಿರಬೇಕು. ಇದು ಸೆಕ್ಷನ್ 249(4). ಫಾರಂನಲ್ಲಿ ಈ ಪ್ರಶ್ನೆ ಬಂದಾಗ ಸುಮ್ಮನೆ 'No' ಒತ್ತಿ ಮುಂದೆ ಹೋದ ಅಪೀಲುಗಳು ಈ ಒಂದೇ ಕಾರಣಕ್ಕೆ ಬಿದ್ದುಹೋಗುತ್ತವೆ. ನಮ್ಮ ಅಂಗಡಿಕಾರರ ಲೆಕ್ಕದಲ್ಲಿ ಆದಾಯ ಮಿತಿಯೊಳಗೆ ಇದೆ, ಹಾಗಾಗಿ ಕಟ್ಟಬೇಕಿದ್ದ ಮುಂಗಡ ತೆರಿಗೆಯೇ ಸೊನ್ನೆ. ಅದನ್ನು ಸಂಗತಿಯಲ್ಲಿ ಲೆಕ್ಕ ಸಮೇತ ಬರೆಯಬೇಕು. ಅಧಿಕಾರಿ ಒಪ್ಪದಿದ್ದರೆ ಎಂಬ ಅನುಮಾನಕ್ಕೆ, ಈ ಷರತ್ತಿನಿಂದ ವಿನಾಯಿತಿ ಕೇಳುವ ಅರ್ಜಿಯನ್ನೂ ಜೊತೆಗೇ ಹಾಕಬೇಕು. ರಿಟರ್ನ್ ಹಾಕದವರಿಗೆ ಆ ವಿನಾಯಿತಿ ಕೊಡಲು ಕಾಯ್ದೆಯಲ್ಲೇ ಅವಕಾಶ ಇದೆ.

ತಡಕ್ಕೆ ಕಾರಣ: ಎರಡು ತುಂಡು ಮಾಡಿ

1987ರಲ್ಲಿ ಸುಪ್ರೀಂ ಕೋರ್ಟ್ ಕಾಟಿಜಿ ಪ್ರಕರಣದಲ್ಲಿ ತಡವಾಗಿ ಅಪೀಲು ಹಾಕುವುದರಿಂದ ಸಾಮಾನ್ಯವಾಗಿ ಯಾರಿಗೂ ಲಾಭ ಇಲ್ಲ, ಆದ್ದರಿಂದ ತಡದ ಪ್ರಶ್ನೆಯನ್ನು ಉದಾರವಾಗಿ ನೋಡಬೇಕು ಎಂಬ ನಿಲುವು ತೆಗೆದುಕೊಂಡಿತು. ಆಡಿಟರ್‌ಗಳು ಪ್ರತಿ ಅರ್ಜಿಯಲ್ಲೂ ಇದನ್ನು ಉಲ್ಲೇಖಿಸುತ್ತಾರೆ. ಆದರೆ ಉದಾರತೆ ಸಿಗುವುದು ಕಾರಣ ಕೊಟ್ಟವರಿಗೆ. 'ಆರೋಗ್ಯ ಸರಿ ಇರಲಿಲ್ಲ, ಕಾನೂನು ತಿಳಿದಿರಲಿಲ್ಲ, ಮನ್ನಾ ಮಾಡಿ' ಎಂಬ ಎರಡು ಸಾಲು ಕಾರಣ ಅನ್ನಿಸಿಕೊಳ್ಳುವುದಿಲ್ಲ.

101 ದಿನವನ್ನು ಎರಡು ತುಂಡು ಮಾಡಿದರೆ ಬರೆಯುವುದು ಸುಲಭ. ಮೊದಲ ತುಂಡು ಆರ್ಡರ್ ಇದೆ ಎಂದೇ ಗೊತ್ತಿಲ್ಲದ ಕಾಲ, ಜೂನ್ 10ರವರೆಗೆ. ಎರಡನೆಯದು ಗೊತ್ತಾದ ಮೇಲಿನ 14 ದಿನ. ಅಧಿಕಾರಿಗಳ ಕಣ್ಣು ಹೆಚ್ಚು ಬೀಳುವುದು ಎರಡನೆಯದರ ಮೇಲೆ. ಗೊತ್ತಾದ ಮೇಲೂ ಸುಮ್ಮನೆ ಕೂತಿದ್ದರೆ ಮೊದಲನೆಯದೂ ನಂಬಿಕೆ ಕಳೆದುಕೊಳ್ಳುತ್ತದೆ. ನಮ್ಮ ಪ್ರಕರಣದಲ್ಲಿ ಅದು ಹೀಗೆ:

'ಅರ್ಜಿದಾರರು ಹಿಂದೆ ಬ್ಯಾಂಕ್ ಸಾಲಕ್ಕಾಗಿ ಒಂದು ಸಲ ರಿಟರ್ನ್ ಹಾಕಿಸಿದ್ದರು. ಅದನ್ನು ಹಾಕಿಕೊಟ್ಟ ತೆರಿಗೆ ಸಲಹೆಗಾರರು ತಮ್ಮದೇ ಇಮೇಲ್ ಮತ್ತು ಮೊಬೈಲ್ ನಂಬರ್ ಕೊಟ್ಟಿದ್ದರು. ಅವರು ಈಗ ಊರಿನಲ್ಲಿಲ್ಲ. ನೋಟಿಸ್ ಮತ್ತು ಆರ್ಡರ್ ಆ ಇಮೇಲಿಗೇ ಹೋಗಿವೆ. ಅಂಗಡಿ ವಿಳಾಸಕ್ಕೆ ಅಂಚೆಯಲ್ಲಿ ಏನೂ ಬಂದಿಲ್ಲ. 10-06-2024ರಂದು ಬ್ಯಾಂಕಿನವರು ಖಾತೆ ತಡೆಹಿಡಿದ ವಿಷಯ ಹೇಳಿದಾಗ ಮೊದಲ ಬಾರಿ ತಿಳಿಯಿತು. 12ರಂದು ಪೋರ್ಟಲ್ ಪಾಸ್‌ವರ್ಡ್ ಬದಲಿಸಿ ಆರ್ಡರ್ ಡೌನ್‌ಲೋಡ್ ಮಾಡಲಾಯಿತು. 13ರಂದು ಬ್ಯಾಂಕಿಗೆ ಸ್ಟೇಟ್‌ಮೆಂಟ್ ಕೇಳಿ ಪತ್ರ ಕೊಟ್ಟು 18ರಂದು ಪಡೆಯಲಾಯಿತು. ಸಗಟು ವ್ಯಾಪಾರಿಗಳಿಂದ ಖಾತೆ ನಕಲು 21ರಂದು ಸಿಕ್ಕಿತು. 24ರಂದು ಅಪೀಲು ಸಲ್ಲಿಸಲಾಗಿದೆ.'

ಪ್ರತಿ ದಿನಾಂಕದ ಹಿಂದೆ ಒಂದು ಕಾಗದ ಇರಬೇಕು: ಪೋರ್ಟಲ್ ಪ್ರೊಫೈಲ್‌ನಲ್ಲಿ ಹಳೆ ಇಮೇಲ್ ಕಾಣುವ ಪುಟದ ಪ್ರಿಂಟ್ (ಬದಲಿಸುವ ಮುನ್ನವೇ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಸಿಗದು), ಬ್ಯಾಂಕಿನ ಪತ್ರ, ಸ್ಟೇಟ್‌ಮೆಂಟ್ ಕೇಳಿದ ಪತ್ರದ ಸ್ವೀಕೃತಿ. ಇದೇ ಮಾತುಗಳನ್ನು ನೋಟರಿ ಮುಂದೆ ಪ್ರಮಾಣಪತ್ರವಾಗಿ, ಅಂದರೆ ಅಫಿಡವಿಟ್ ಮಾಡಿಸಿ ಲಗತ್ತಿಸಿದರೆ ಬಲ ಬರುತ್ತದೆ. ಅಫಿಡವಿಟ್‌ನಲ್ಲಿ ಒಂದು ದಿನಾಂಕ, ಫಾರಂನಲ್ಲಿ ಇನ್ನೊಂದು ಇದ್ದರೆ ಅದೇ ಅಫಿಡವಿಟ್ ಎದುರಾಳಿಯಾಗುತ್ತದೆ. ಸಲಹೆಗಾರರ ಮೇಲೆ ತಪ್ಪು ಹೊರಿಸುವಾಗಲೂ ಅಷ್ಟೇ: ಅವರ ಇಮೇಲ್ ಅಲ್ಲಿ ಹೇಗೆ ಬಂತು ಎಂದು ತೋರಿಸಲು ಆಗುವುದಾದರೆ ಮಾತ್ರ ಬರೆಯಬೇಕು.

ಹೊಸ ದಾಖಲೆಗಳು

ಅಸೆಸ್‌ಮೆಂಟ್ ವೇಳೆ ಕೊಡದ ಬಿಲ್ಲು, ಲೆಡ್ಜರ್ ಈಗ ಕೊಡುವುದಾದರೆ ಅದು 'ಹೆಚ್ಚುವರಿ ಸಾಕ್ಷ್ಯ'. ಇದಕ್ಕೆ ನಿಯಮ 46ಎ ಅಡಿ ಬೇರೆ ಅರ್ಜಿ ಬೇಕು, ಆಗ ಯಾಕೆ ಕೊಡಲಾಗಲಿಲ್ಲ ಎಂಬ ಕಾರಣದೊಂದಿಗೆ. ಫಾರಂನಲ್ಲೂ ಆ ಪ್ರಶ್ನೆಗೆ 'Yes' ಎಂದು ಹೇಳಿ ಪಟ್ಟಿ ಕೊಡಬೇಕು. ಅರ್ಜಿ ಇಲ್ಲದೆ ಬರೀ ಕಾಗದ ಲಗತ್ತಿಸಿದರೆ ಅಧಿಕಾರಿ ನೋಡದೇ ಬಿಡಬಹುದು. ಇಲ್ಲಿ ಕೊಡುವ ಕಾರಣವೂ ಅದೇ ಇಮೇಲ್ ಕಥೆ. ತಡಕ್ಕೆ ಒಂದು ಕಥೆ, ದಾಖಲೆಗೆ ಇನ್ನೊಂದು ಕಥೆ ಆಗಬಾರದು.

ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ

ಖಾತೆ ಬಿಡಿಸಿಕೊಳ್ಳಲು ಅಸೆಸಿಂಗ್ ಅಧಿಕಾರಿಗೆ ಸೆಕ್ಷನ್ 220(6)ರಡಿ ಬೇರೆ ಅರ್ಜಿ ಕೊಡಬೇಕು, ಅಪೀಲಿನ ಸ್ವೀಕೃತಿ ಜೊತೆ. ಇಲಾಖೆಯ 2017ರ ಸೂಚನೆ ಪ್ರಕಾರ ಸಾಮಾನ್ಯವಾಗಿ ಡಿಮ್ಯಾಂಡಿನ ಶೇ 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಕೊಡುತ್ತಾರೆ. ಬಡ್ಡಿ ಬಿಟ್ಟು ನೋಡಿದರೂ ನಮ್ಮ ಅಂಗಡಿಕಾರರಿಗೆ ಅದು 3,33,840 ರೂಪಾಯಿ, ಸಣ್ಣ ಮೊತ್ತವಲ್ಲ. ಇನ್ನೂ ಕಡಿಮೆಗೆ ಒಪ್ಪಬೇಕಾದರೆ ಮೇಲಧಿಕಾರಿಗೆ ಹೋಗಬೇಕು. ಶೇ 8ರ ಲೆಕ್ಕವನ್ನು ಆ ಅರ್ಜಿಯಲ್ಲೂ ತೋರಿಸಬೇಕು. ದಂಡದ ನೋಟಿಸ್ ಬೇರೆ ಬಂದಿದ್ದರೆ ಅದಕ್ಕೆ ಬೇರೆ ಉತ್ತರ ಕೊಡಬೇಕು, ಅಪೀಲು ಬಾಕಿ ಇದೆ ಎಂದು ತಿಳಿಸಿ.

ಅಪೀಲಿನ ವಿಚಾರಣೆಗೆ ಬೆಂಗಳೂರಿಗೆ ಓಡಾಟ ಇಲ್ಲ. ನೋಟಿಸ್ ಬರುವುದು ಪೋರ್ಟಲ್‌ನ `Pending Actions` ಕೆಳಗಿನ `e-Proceedings` ನಲ್ಲಿ, ಉತ್ತರ ಹಾಕುವುದೂ ಅಲ್ಲೇ. ಈ ಸಲ ಇಮೇಲ್ ಮತ್ತು ಮೊಬೈಲ್ ಅಂಗಡಿಕಾರರದೇ ಇರಬೇಕು. 2024ರ ಅಕ್ಟೋಬರ್ 1ರಿಂದ 144ರಡಿ ಆದ ಆರ್ಡರನ್ನು ರದ್ದು ಮಾಡಿ ಹೊಸದಾಗಿ ಅಸೆಸ್‌ಮೆಂಟ್ ಮಾಡಿ ಎಂದು ವಾಪಸ್ ಕಳಿಸುವ ಅಧಿಕಾರ ಅಪೀಲು ಕಮಿಷನರ್‌ಗೆ ಬಂದಿದೆ. ಹಾಗೆ ವಾಪಸ್ ಬಂದರೆ ಅದೇ ಬಿಲ್ಲು, ಅದೇ ಸ್ಟೇಟ್‌ಮೆಂಟ್ ಮತ್ತೆ ಬೇಕಾಗುತ್ತದೆ, ಫೈಲ್ ಎತ್ತಿಡಬೇಕು.

ಜಿಎಸ್‌ಟಿ ಆರ್ಡರ್ ಬಂದವರು ಮಾತ್ರ ಈ ಲೆಕ್ಕವನ್ನು ಅದಕ್ಕೆ ಹಚ್ಚಬಾರದು. ಅಲ್ಲಿ ಸೆಕ್ಷನ್ 107ರಡಿ ಅಪೀಲಿಗೆ 3 ತಿಂಗಳು, ಕಾರಣ ಕೊಟ್ಟರೆ ಮೇಲೆ ಒಂದೇ ತಿಂಗಳು. ಅದು ದಾಟಿದರೆ ಎಂಥ ಕಾರಣ ಇದ್ದರೂ ಆ ಅಪೀಲು ಅಧಿಕಾರಿಗೆ ಮನ್ನಾ ಮಾಡುವ ಅಧಿಕಾರ ಇಲ್ಲ. ತಕರಾರಿನ ತೆರಿಗೆಯ ಶೇ 10 ಮೊದಲೇ ಕಟ್ಟಿರಬೇಕು.